"ಸರಿ, ಇಡ್ತೇನೆ" ಎಂದ ಮೇಲಿನ ಮಾತು

ಊರಿನಿಂದ ಬರುವ ಅಮ್ಮನ ವಾಯ್ಸ್ ಮೆಸೇಜಿನಲ್ಲಿ ಮುಖ್ಯ ಸಂಗತಿ ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಹೇಳುತ್ತೇನೆ: "ಸರಿ ಹಾಗಾದ್ರೆ, ಇಡ್ತೇನೆ" ಎಂದ ಮೇಲೆ. ಅಲ್ಲಿಯವರೆಗೆ ಮಳೆ, ಅಡಿಕೆ, ನೆಂಟರಿಷ್ಟರು. ಇಡ್ತೇನೆ ಎಂದ ಮೇಲೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ "ಮತ್ತೆ ಒಂದು ವಿಷಯ, ಹೆದರ್ಬೇಡ" ಎಂದು ಶುರುವಾಗುತ್ತದೆ. ಅರ್ಧ ಕೇಳಿ ಫೋನನ್ನು ಜೇಬಿಗೆ ಹಾಕಿಕೊಂಡ ಮಗನಿಗೋ ಮಗಳಿಗೋ ತಪ್ಪಿಹೋಗುವುದು ಆ ಭಾಗವೇ.

ದೋಹಾದ ಬಿನ್ ಒಮ್ರಾನಿನಲ್ಲಿ ನಮ್ಮ ಸುತ್ತಮುತ್ತ ಇರುವವರಲ್ಲಿ ಆಸ್ಪತ್ರೆ ಕೆಲಸದವರು ಬಹಳ. ಹಮದ್ ಆಸ್ಪತ್ರೆಯ ಕಟ್ಟಡಗಳು ಇಲ್ಲಿಂದ ಕೂಗಳತೆಯಲ್ಲಿವೆ. ಉಳಿದ ಆಸ್ಪತ್ರೆ, ಕ್ಲಿನಿಕ್ಕುಗಳಿಗೂ ಇಲ್ಲಿಂದ ಹೋಗಿಬರುವುದು ಸಲೀಸು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬರುವ ನರ್ಸ್ ಹುಡುಗಿಯ ಫೋನಿನಲ್ಲಿ ಅಮ್ಮನ ಹತ್ತು ನಿಮಿಷದ ದನಿ ಕಾಯುತ್ತಿರುತ್ತದೆ. ಕೇಳಬಾರದು ಎಂದೇನಿಲ್ಲ, ಕೇಳುವ ತ್ರಾಣ ಉಳಿದಿರುವುದಿಲ್ಲ. ಊರಿಗೂ ಇಲ್ಲಿಗೂ ಎರಡೂವರೆ ಗಂಟೆಯ ಅಂತರ ಬೇರೆ. ಇವಳು ಸ್ನಾನ ಮುಗಿಸಿ ಕೂರುವ ರಾತ್ರಿ ಎಂಟೂವರೆಗೆ ಪುತ್ತೂರಿನಲ್ಲಿ ಹನ್ನೊಂದು ಗಂಟೆ, ಅಮ್ಮ ಮಲಗಿಯಾಗಿದೆ. ಏನು ಹೇಳಿದೆ ಎಂದು ತಿರುಗಿ ಕೇಳುವ ಹಾಗೂ ಇಲ್ಲ.

ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹುಕಾಲ ಕೂತವಳು ನಾನು. ಎರಡು ಪುಟದ ವರದಿಯನ್ನು ಆರು ಸಾಲಿಗೆ ಇಳಿಸುವುದೇ ಅಲ್ಲಿ ಹೊಟ್ಟೆಪಾಡು. ಆ ಅಭ್ಯಾಸ ಇಲ್ಲಿ ಹೀಗೆ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ. "ಅಕ್ಕಾ, ಅಮ್ಮನದ್ದು ಬಂದಿದೆ, ಸ್ವಲ್ಪ ಕೇಳಿ ಏನು ಮಾಡ್ಬೇಕು ಅಂತ ಬರೆದು ಹಾಕ್ತೀರಾ?" ಎಂದು ಪಕ್ಕದ ಫ್ಲ್ಯಾಟಿನವಳು ಕೇಳಿದಾಗ ಒಪ್ಪಿಕೊಂಡೆ. ತನ್ನ ಮಾತನ್ನು ಅಕ್ಕನೂ ಕೇಳುತ್ತಾಳೆ ಎಂಬುದು ಅಮ್ಮನಿಗೆ ತಿಳಿದಿದೆ. ತಿಳಿದಿರಲೇಬೇಕು, ಇಲ್ಲವಾದರೆ ಅದು ಕದ್ದು ಕೇಳಿದಂತೆ.

ಭಾರತದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈ ಮಧ್ಯದಲ್ಲಿ. ವಾಟ್ಸ್‌ಆ್ಯಪ್ ತನ್ನೊಳಗೆ ದನಿ ಸಂದೇಶದ ಗುಂಡಿ ಕೊಟ್ಟದ್ದು ಅದೇ ವರ್ಷದ ಆಗಸ್ಟಿನಲ್ಲಿ. ಪದಕ್ಕಿಷ್ಟು ಎಂದು ದುಡ್ಡು ಕಟ್ಟಿ ಕಳಿಸುವ ಮಾತು ಹೋಗಿ, ಎಷ್ಟು ಮಾತಾಡಿದರೂ ಖರ್ಚಿಲ್ಲದ ಮಾತು ಬಂದದ್ದು ಒಂದೇ ಮಳೆಗಾಲದಲ್ಲಿ. ಟೆಲಿಗ್ರಾಂ ಕಾಲದಲ್ಲಿ ಮಾತನ್ನು ಹಿಂಡುವ ಕೆಲಸ ಕಳಿಸುವವರದ್ದಾಗಿತ್ತು. ಅಂಚೆ ಕಚೇರಿಯ ಕಟಕಟೆಯ ಮುಂದೆ ನಿಂತು, ಯಾವ ಪದ ಬಿಟ್ಟರೂ ಅರ್ಥ ಕೆಡುವುದಿಲ್ಲ ಎಂದು ಅವರೇ ಲೆಕ್ಕ ಹಾಕುತ್ತಿದ್ದರು. ಈಗ ಆ ಕೆಲಸ ಕೇಳುವವರ ತಲೆಗೆ ಬಂದಿದೆ. ಆದರೆ ಹೇಳಿದವರ ಮನಸ್ಸಿನಲ್ಲಿ ಯಾವುದು ಮುಖ್ಯವಾಗಿತ್ತು ಎಂಬುದು ಕೇಳುವವರಿಗೆ ಗೊತ್ತಿಲ್ಲ. ತೊಡಕಿರುವುದು ಇಲ್ಲೇ.

ಒಂದು ಮೆಸೇಜನ್ನೇ ತೆಗೆದುಕೊಂಡು ನೋಡೋಣ. ಅಮ್ಮನ ಮತ್ತು ಮಗಳ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದನ್ನೆಲ್ಲ ತೆಗೆದು ಬರೆಯುತ್ತಿದ್ದೇನೆ. ಅದು ಬಂದದ್ದು 2025ರ ಆಗಸ್ಟ್ 10, ಭಾನುವಾರ. ಉದ್ದ ಹನ್ನೊಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಮ್ಮ ಇರುವುದು ಪುತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿ, ತೋಟದ ಮನೆ.

ಮೊದಲ ಸಲ ಕೇಳುವಾಗ ಪೆನ್ನು ಹಿಡಿಯಬಾರದು. ಒಂದೂವರೆ ಪಟ್ಟು ವೇಗಕ್ಕೆ ಹಾಕಿ ಸುಮ್ಮನೆ ಪೂರ್ತಿ ಕೇಳಬೇಕು, ಕೊನೆಯ ಸೆಕೆಂಡಿನವರೆಗೆ. ಎರಡು ಪಟ್ಟಿಗೆ ಹಾಕಿದರೆ ಮಾತು ತಿಳಿಯುತ್ತದೆ, ಆದರೆ ದನಿ ತಗ್ಗಿದ್ದು, ನಡುವೆ ತಡೆದದ್ದು ತಿಳಿಯುವುದಿಲ್ಲ. ಅಮ್ಮಂದಿರು ದೊಡ್ಡ ವಿಷಯವನ್ನು ಸಣ್ಣ ದನಿಯಲ್ಲಿ ಹೇಳುತ್ತಾರೆ, ಪಕ್ಕದ ಕೋಣೆಯಲ್ಲಿ ಅಪ್ಪ ಇರುತ್ತಾರಲ್ಲ. ಎರಡನೇ ಸಲ ಮಾಮೂಲಿ ವೇಗದಲ್ಲಿ ಕೇಳುತ್ತ, ಯಾವ ವಿಷಯ ಎಷ್ಟನೇ ನಿಮಿಷದಲ್ಲಿ ಬಂತು ಎಂದು ಗುರುತು ಹಾಕಿಕೊಂಡು ಹೋಗುವುದು. ಈ ನಿಮಿಷದ ಗುರುತು ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ.

ನಮ್ಮ ಮೆಸೇಜಿನ ಮೊದಲ ಎರಡೂವರೆ ನಿಮಿಷ ಊಟ ಆಯಿತಾ, ಮಳೆ ಬಿಡುವುದೇ ಇಲ್ಲ, ಅಡಿಕೆಗೆ ಕೊಳೆರೋಗ, ಎರಡನೇ ಸಲದ ಬೋರ್ಡೋ ಮದ್ದು ಬಿಡಲು ಮರ ಹತ್ತುವವರು ಸಿಗುವುದೇ ಕಷ್ಟ ಎಂಬುದು. ಆಮೇಲೆ ಹೀಗೆ ಬಂತು: "ನಾಗರಪಂಚಮಿ ಕಳೆದು ಒಂದು ವಾರಕ್ಕೆ ಅಪ್ಪನನ್ನು ಡಾಕ್ಟರ ಹತ್ರ ಕರ್ಕೊಂಡು ಹೋದದ್ದು. ರಾತ್ರಿ ನಾಲ್ಕೈದು ಸಲ ಏಳ್ತಾರಲ್ಲ, ಮೂತ್ರಕ್ಕೆ. ಅದಕ್ಕೊಂದು ಮಾತ್ರೆ ಕೊಟ್ರು, ಮಲಗುವಾಗ ತಗೊಳ್ಳಿಕ್ಕೆ. ಈಗ ಎರಡೇ ಸಲ ಏಳುದು. ಒಳ್ಳೇದಾಯ್ತು." ದನಿಯಲ್ಲಿ ಸಮಾಧಾನ ಇತ್ತು. ಕೇಳಿದವರು ಇದನ್ನು ಒಳ್ಳೆಯ ಸುದ್ದಿಯ ಖಾತೆಗೆ ಹಾಕಿ ಮುಂದೆ ಹೋಗುತ್ತಾರೆ.

ಮುಂದೆ ಗ್ಯಾಸ್ ಸಿಲಿಂಡರಿನ ಕಥೆ. ಮತ್ತೆ ಕೆಳಗಿನ ಮನೆಯವರ ಮಗಳ ಮದುವೆ, ಉಡುಗೊರೆಗೆ ಸೀರೆಯೋ ದುಡ್ಡೋ ಎಂಬ ಚರ್ಚೆ. ಏಳನೇ ನಿಮಿಷದ ಹೊತ್ತಿಗೆ ದೊಡ್ಡಪ್ಪ ಬಂದದ್ದು, ಅಜ್ಜನ ಜಾಗದ ಕಾಗದಕ್ಕೆ ಎಲ್ಲರ ಸಹಿ ಬೇಕೆಂದದ್ದು. ಎಂಟೂವರೆಗೆ "ಬರುವಾಗ ಎಂತದೂ ತರ್ಬೇಡ" ಎಂಬ ಅಧ್ಯಾಯ. ಒಂಬತ್ತು ನಿಮಿಷಕ್ಕೆ "ಸರಿ, ಇಡ್ತೇನೆ". ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡಿಗೆ, ತಗ್ಗಿದ ದನಿಯಲ್ಲಿ: "ಮತ್ತೆ, ಹೆದರ್ಬೇಡ ನೀನು. ವರಮಹಾಲಕ್ಷ್ಮಿ ದಿನ ರಾತ್ರಿ ಅಪ್ಪನಿಗೆ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದ ಹಾಗಾಯ್ತು. ಬೀಳ್ಲಿಲ್ಲ, ಗೋಡೆ ಹಿಡ್ಕೊಂಡ್ರು. ಉಪವಾಸ ಅಲ್ವಾ, ಅದಕ್ಕೇ ಇರ್ಬೇಕು. ನಾನು ಹೇಳಿದ್ದು ಅಂತ ಅಪ್ಪನಿಗೆ ಹೇಳ್ಬೇಡ."

ಉದ್ದದ ಮಾತನ್ನು ಕತ್ತರಿಸಿ ಗಿಡ್ಡ ಮಾಡುವುದಷ್ಟೇ ಇಲ್ಲಿನ ಕೆಲಸ ಎಂದುಕೊಂಡವರು ಎಡವುವುದು ಇಲ್ಲಿ. ಎರಡೂವರೆ ನಿಮಿಷದಲ್ಲಿ ಹೊಸ ಮಾತ್ರೆ, ಒಂಬತ್ತೂ ಚಿಲ್ಲರೆಯಲ್ಲಿ ಕಣ್ಣು ಕತ್ತಲೆ. ನಡುವೆ ಗ್ಯಾಸು, ಮದುವೆ, ಜಾಗ ಎಲ್ಲ ಬಂದು ಹೋಗಿವೆ. ಅಮ್ಮ ಅವೆರಡನ್ನು ಜೋಡಿಸಿಲ್ಲ. ಅವರು ಹೇಳಿದ ಕಾರಣ ಉಪವಾಸ. ದಿನ ಹೇಳಿದ್ದೂ ಹಬ್ಬದ ಲೆಕ್ಕದಲ್ಲಿ. ಒಂದಕ್ಕೆ ನಾಗರಪಂಚಮಿ, ಇನ್ನೊಂದಕ್ಕೆ ವರಮಹಾಲಕ್ಷ್ಮಿ. ಕೇಳುವಾಗ ಎರಡೂ ಬೇರೆ ಬೇರೆ ಕಾಲದ ಸಂಗತಿಗಳ ಹಾಗೆ ಕೇಳಿಸುತ್ತವೆ. ತಾರೀಕಿಗೆ ಇಳಿಸಿ ನೋಡಿ. 2025ರಲ್ಲಿ ನಾಗರಪಂಚಮಿ ಜುಲೈ 29, ಮಂಗಳವಾರ. ಒಂದು ವಾರಕ್ಕೆ ಎಂದರೆ ಆಗಸ್ಟ್ 5. ವರಮಹಾಲಕ್ಷ್ಮಿ ಆಗಸ್ಟ್ 8, ಶುಕ್ರವಾರ. ಮಾತ್ರೆ ಶುರುವಾದ ಮೂರೇ ದಿನಕ್ಕೆ ಕಣ್ಣು ಕತ್ತಲೆ ಬಂದಿದೆ.

ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ರಾತ್ರಿ ಪದೇ ಪದೇ ಏಳುವ ವಯಸ್ಸಾದ ಗಂಡಸರಿಗೆ ಕೊಡುವ ಮಾತ್ರೆಗಳಲ್ಲಿ ಒಂದು ಬಗೆ ಇದೆ, ಟ್ಯಾಮ್ಸುಲೋಸಿನ್ ಅಂಥದ್ದು. ಮೂತ್ರದ ದಾರಿಯ ಸ್ನಾಯುವನ್ನು ಸಡಿಲ ಮಾಡುತ್ತವೆ. ಜೊತೆಗೆ ರಕ್ತನಾಳಗಳೂ ಒಂದಿಷ್ಟು ಸಡಿಲಗೊಂಡು, ಮಲಗಿದ್ದವರು ಥಟ್ಟನೆ ಎದ್ದಾಗ ಬಿಪಿ ಕುಸಿಯುವುದುಂಟು. ಮೊದಲ ಕೆಲವು ದಿನಗಳಲ್ಲಿ ಇದು ಹೆಚ್ಚು, ಬಿಪಿ ಮಾತ್ರೆ ಮೊದಲೇ ತೆಗೆದುಕೊಳ್ಳುತ್ತಿರುವವರಲ್ಲಿ ಇನ್ನೂ ಹೆಚ್ಚು. ನರ್ಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಸಂಗತಿಯೂ ತಾರೀಕಿನ ಜೊತೆ ಒಂದೇ ಸಾಲಿನಲ್ಲಿ ಕಣ್ಣಿಗೆ ಬಿದ್ದರೆ ಸಾಕು. ನನಗೆ ಮಾತ್ರೆಯ ಹೆಸರೂ ಗೊತ್ತಿರಲಿಲ್ಲ, ಅಮ್ಮ ಹೇಳಿಯೂ ಇರಲಿಲ್ಲ. ಆದ್ದರಿಂದ ನಾನು ಬರೆದದ್ದು ಎರಡು ತಾರೀಕು, ಎರಡು ಸಂಗತಿ, ಜೊತೆಗೆ "ಉಪವಾಸದಿಂದ ಎಂದು ಅಮ್ಮನ ಊಹೆ" ಎಂಬುದು ಮಾತ್ರ. ಮಾತ್ರೆಯಿಂದಲೇ ಹೀಗಾಯಿತು ಎಂದು ಬರೆಯಲಿಲ್ಲ. ಹಾಗೆ ಬರೆದರೆ ಅದು ನನ್ನ ಮಾತಾಗುತ್ತದೆ, ಅಮ್ಮನ ಮಾತಿನ ಸಾರವಾಗುವುದಿಲ್ಲ.

ಆಸ್ಪತ್ರೆಯವರಿಗೆ ಈ ಶಿಸ್ತು ಚೆನ್ನಾಗಿ ಗೊತ್ತು. ಪಾಳಿ ಬದಲಾಗುವಾಗ, ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಿಎಆರ್ ಎಂಬ ಕ್ರಮದಲ್ಲಿ ಹೇಳುತ್ತಾರೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ನೀವು ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿದ್ದ ರೂಢಿ ಆಮೇಲೆ ಆಸ್ಪತ್ರೆಗಳಿಗೆ ಬಂದದ್ದು. ಅನ್ನಿಸಿಕೆಗೆ ಅಲ್ಲಿ ಬೇರೆಯೇ ಜಾಗ ಕೊಟ್ಟಿರುವುದರಿಂದ ಅದು ನಡೆದ ಸಂಗತಿಯೊಳಗೆ ಬೆರೆಯುವುದಿಲ್ಲ. ಅಮ್ಮನ ಮಾತಿನಲ್ಲಿ ನಾಲ್ಕೂ ಇವೆ, ಆದರೆ ಅಕ್ಕಿಯಲ್ಲಿ ಹೆಸರುಬೇಳೆ ಬೆರೆತ ಹಾಗೆ. ಬೇರೆ ಮಾಡಿ ಇಡುವುದು ನನ್ನ ಕೆಲಸ. ಕ್ರಮವನ್ನು ಮಾತ್ರ ತಿರುಗಿಸುತ್ತೇನೆ. ಮಗಳು ಏನು ಮಾಡಬೇಕು ಎಂಬುದು ಮೊದಲು, ಹಿನ್ನೆಲೆ ಆಮೇಲೆ. ದಣಿದವರು ಓದುವುದು ಮೊದಲ ಸಾಲನ್ನು.

ಇನ್ನು ಸಹಿ. ಅಮ್ಮ ಹೇಳಿದ್ದು ಇಷ್ಟು: "ದೊಡ್ಡಪ್ಪ ಬಂದಿದ್ರು. ಅಜ್ಜನ ಹೆಸರಲ್ಲಿ ಉಂಟಲ್ಲ ಜಾಗ, ಅದರ ಪೌತಿ ಖಾತೆ ಮಾಡಿಸ್ಲಿಕ್ಕೆ ಉಂಟಂತೆ. ಎಲ್ಲರ ಸಹಿ ಬೇಕಂತೆ, ನಿಂದೂ ಬೇಕಂತೆ. ಕಾಗದ ಅವರೇ ರೆಡಿ ಮಾಡಿಸಿದ್ದಾರೆ. ಏನೂ ಅವಸರ ಇಲ್ಲ. ಚೌತಿಯ ಒಳಗೆ ಆದ್ರೆ ಒಳ್ಳೇದಂತೆ."

ಇದನ್ನು "ಪೌತಿ ಖಾತೆಗೆ ಸಹಿ ಬೇಕು, ಆಗಸ್ಟ್ 27ರ ಒಳಗೆ" ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಗಿಡ್ಡವಾಗಿದೆ, ಓದಲು ಚೆನ್ನಾಗಿದೆ, ಆದರೆ ಅಪಾಯಕಾರಿ. ಅಮ್ಮನ ಮಾತಿನಲ್ಲಿ ನಾಲ್ಕು ಸಲ "ಅಂತೆ" ಬಂದಿದೆ. ಅಂದರೆ ಇದರಲ್ಲಿ ಅಮ್ಮನಿಗೆ ಸ್ವತಃ ಗೊತ್ತಿರುವುದು ದೊಡ್ಡಪ್ಪ ಬಂದಿದ್ದರು, ಕಾಗದ ರೆಡಿ ಇದೆ ಎಂಬುದಷ್ಟೇ. ಉಳಿದದ್ದೆಲ್ಲ ದೊಡ್ಡಪ್ಪನ ಬಾಯಿಂದ ಬಂದದ್ದು. "ಅಂತೆ"ಯನ್ನು ಉದುರಿಸಿದರೆ ದೊಡ್ಡಪ್ಪನ ಕೋರಿಕೆ ಅಮ್ಮನ ಕೋರಿಕೆಯಾಗಿ ಮಗಳನ್ನು ತಲುಪುತ್ತದೆ. ಅಮ್ಮ ಕೇಳಿದರೆ ಮಗಳು ಸಹಿ ಹಾಕುತ್ತಾಳೆ, ದೊಡ್ಡಪ್ಪ ಕೇಳಿದರೆ ಕಾಗದ ಓದುತ್ತಾಳೆ.

ಕಾಗದ ಓದಬೇಕಾದ ಕಾರಣವೂ ಇದೆ. ಜಮೀನಿನ ಹಕ್ಕುದಾರರು ತೀರಿಕೊಂಡ ಮೇಲೆ ಪಹಣಿಯಲ್ಲಿ ಅವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಡುವುದು. ಅಜ್ಜನ ವಾರಸುದಾರರೆಂದರೆ ಮೊದಲಿಗೆ ಅಜ್ಜಿ, ಅಜ್ಜನ ಮಕ್ಕಳು. ಅಪ್ಪ ಗಟ್ಟಿಮುಟ್ಟಾಗಿ ಇರುವಾಗ ಮೊಮ್ಮಗಳ ಸಹಿ ಯಾಕೆ ಬೇಕು? ಮೊಮ್ಮಗಳ ಸಹಿ ಕೇಳುತ್ತಾರೆಂದರೆ ಅದು ಪಾಲುಪಟ್ಟಿಯೋ ಹಕ್ಕು ಖುಲಾಸೆ ಪತ್ರವೋ ಆಗಿರಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಅಪ್ಪ ಆಗ ಬದುಕಿದ್ದರೇ ಇಲ್ಲವೇ ಎಂಬುದು ಅದಕ್ಕೆ ಅಡ್ಡಿಯಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ ಜಾಗದ ವಿಲೇವಾರಿಗೆ ಕೂರುವವರು ಮನೆಯ ಹೆಣ್ಣುಮಕ್ಕಳ ಸಹಿಯನ್ನು ಬಿಡುವುದಿಲ್ಲ. ಖಾತೆ ಬದಲಾವಣೆಗೆ ಒಪ್ಪಿಗೆ ಎಂದರೆ ಒಂದು, ನನಗೆ ಪಾಲು ಬೇಡ ಎಂದರೆ ಇನ್ನೊಂದು. ಊರಿನ ಮಾತಿನಲ್ಲಿ ಎರಡಕ್ಕೂ "ಒಂದು ಸಹಿ" ಎನ್ನುತ್ತಾರೆ.

ದೊಡ್ಡಪ್ಪನ ಮೇಲೆ ನನಗೆ ಅನುಮಾನವೇನೂ ಇಲ್ಲ. ಅವರಿಗೂ ಕಾಗದ ಬರೆದುಕೊಟ್ಟವರು ಹೀಗೇ ಹೇಳಿರಬಹುದು. ಸಾರದಲ್ಲಿ ನಾನು ಬರೆದದ್ದು ಒಂದು ಪ್ರಶ್ನೆ: ಯಾವ ಕಾಗದ? ಅದರ ಮೊದಲ ಪುಟದ ಫೋಟೊ ಬೇಕು. ಕೇಳಿದವರಿಗೆ ಅರ್ಥವಾಗದೆ ಉಳಿದದ್ದು ಸಾರದಲ್ಲಿಯೂ ಪ್ರಶ್ನೆಯಾಗಿಯೇ ಉಳಿಯಬೇಕು. ಚೊಕ್ಕವಾಗಲಿ ಎಂದು ಅದನ್ನು ಉತ್ತರದ ರೂಪಕ್ಕೆ ತರುವುದು ನಮ್ಮ ಡೆಸ್ಕಿನವರ ಹಳೇ ರೋಗ.

"ಅವಸರ ಇಲ್ಲ" ಎಂಬುದನ್ನೂ ಅಳೆದು ನೋಡಬೇಕು. ಇದೇ ಮೆಸೇಜಿನಲ್ಲಿ ಅದು ಎರಡು ಕಡೆ ಬಂದಿದೆ. ಸಹಿಯ ವಿಷಯದಲ್ಲಿ ಅವಸರ ಇಲ್ಲ ಎಂದ ಮರುಕ್ಷಣವೇ ಗಡುವು ಬಂತು. ಅಂದರೆ ಅವಸರ ಇದೆ, ಆದರೆ ಅವಸರ ಅಮ್ಮನದ್ದಲ್ಲ. ಗ್ಯಾಸಿನ ವಿಷಯದಲ್ಲಿ ಅವಸರ ಇಲ್ಲ ಎಂದು ಹೇಳಿ, "ಈ ಸಿಲಿಂಡರ್ ಹಾಕಿ ತಿಂಗಳಾಯ್ತು" ಎಂದರು. ಅದೂ ಗಡುವೇ, ಅಡುಗೆಮನೆಯ ಲೆಕ್ಕದಲ್ಲಿ ಹೇಳಿದ ಗಡುವು.

ಗ್ಯಾಸಿನದು ಸಣ್ಣ ವಿಷಯ, ಆದರೆ ಗಲ್ಫಿನಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇರುವ ತಾಪತ್ರಯ. ಸಿಲಿಂಡರ್ ತಂದವನು ಡೆಲಿವರಿ ಕೋಡ್ ಕೇಳುತ್ತಾನೆ. ಕೋಡ್ ಹೋಗುವುದು ನೋಂದಾಯಿಸಿದ ಮೊಬೈಲಿಗೆ. ಆ ನಂಬರ್ ಮಗಳದ್ದು, ಸಿಮ್ ಇರುವುದು ಬಿನ್ ಒಮ್ರಾನಿನಲ್ಲಿ, ಮಗಳು ವಾರ್ಡಿನಲ್ಲಿ, ಫೋನು ಲಾಕರಿನಲ್ಲಿ. ಅಮ್ಮ ಹೇಳಿದ್ದು "ಗ್ಯಾಸಿನವ ಬಂದು ನಂಬರ್ ಇಲ್ಲದೆ ವಾಪಸ್ ಹೋದ" ಎಂದು, ಸುದ್ದಿಯ ಧಾಟಿಯಲ್ಲಿ. ಇದು ಸುದ್ದಿಯೋ ಕೋರಿಕೆಯೋ?

ನಾನು ಇದಕ್ಕೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮುಂದಿನ ಕೆಲಸ ಮಾಡುವವರು ಯಾರೆಂದು ಮಾತಿನೊಳಗೆ ಇದೆಯೇ ಎಂದು ನೋಡುವುದು. ಅಡಿಕೆಯ ವಿಷಯದಲ್ಲಿ ಅಮ್ಮ ಹೇಳಿದ್ದರು, "ಬುಧವಾರ ಬರ್ತೇನೆ ಅಂದಿದ್ದಾನೆ ಮದ್ದು ಬಿಡುವವ, ಅಪ್ಪ ಸುಣ್ಣ, ಮೈಲುತುತ್ತು ಎಲ್ಲ ತಂದಿಟ್ಟಿದ್ದಾರೆ." ಕೆಲಸವೂ ಇದೆ, ಆಳೂ ಇದೆ, ಸಾಮಾನೂ ಇದೆ. ಮಗಳಿಗೆ ಇದು ಸುದ್ದಿ. ಮದುವೆಯ ಉಡುಗೊರೆಯೂ ಹಾಗೆಯೇ. ಚರ್ಚೆ ಮಾಡಿ ಕೊನೆಗೆ "ದುಡ್ಡೇ ಹಾಕುವ ಅಂತ ಮಾಡಿದ್ದೇವೆ" ಎಂದು ತಾವೇ ಮುಗಿಸಿದ್ದಾರೆ. ಗ್ಯಾಸಿನ ವಿಷಯದಲ್ಲಿ "ನಂಬರ್ ಒಂದು ಸರಿ ಆಗ್ಬೇಕಿತ್ತು" ಎಂದು ನಿಲ್ಲಿಸಿದರು. ಯಾರು ಸರಿ ಮಾಡಬೇಕು? ಹೇಳಿಲ್ಲ. ಆ ಖಾಲಿ ಜಾಗ ಮಗಳಿಗಾಗಿ ಬಿಟ್ಟದ್ದು. ಮಕ್ಕಳ ಹತ್ತಿರ ನೇರವಾಗಿ "ಮಾಡಿಕೊಡು" ಎಂದು ಕೇಳುವುದು ನಮ್ಮ ಅಮ್ಮಂದಿರಿಗೆ ಬಾರದು. "ಆಗ್ಬೇಕಿತ್ತು", "ಇದ್ರೆ ಒಳ್ಳೇದಿತ್ತು", "ನಿನ್ನ ಕಿವಿಗೆ ಹಾಕಿಡುವ ಅಂತ" ಎಂದು ಬಂದಲ್ಲೆಲ್ಲ ನಾನು ಗುರುತು ಹಾಕುತ್ತೇನೆ. ಎಲ್ಲವೂ ಕೋರಿಕೆಯಾಗಿರುವುದಿಲ್ಲ, ಆದರೆ ಕೋರಿಕೆಗಳು ಇರುವುದು ಅಲ್ಲೇ.

ಈ ಪರೀಕ್ಷೆ ಕೈಕೊಡುವುದೂ ಉಂಟು. "ಬರುವಾಗ ಎಂತದೂ ತರ್ಬೇಡ, ಇಲ್ಲಿ ಎಲ್ಲಾ ಸಿಗ್ತದೆ. ಕಳೆದ ಸಲ ತಂದ ಬಾದಾಮಿ ಮಾತ್ರ ಒಳ್ಳೇದಿತ್ತು, ಅಪ್ಪ ದಿನಾ ನಾಲ್ಕು ನೆನೆಹಾಕಿ ತಿಂತಿದ್ರು, ಮುಗೀತು." ಇಲ್ಲಿ ಯಾರೂ ಏನನ್ನೂ ಕೇಳಿಲ್ಲ, ಬೇಡ ಎಂದೇ ಹೇಳಿದ್ದಾರೆ. ಆದರೂ ಬಾದಾಮಿ ಬೇಕು ಎಂದು ಮಕ್ಕಳಾದವರಿಗೆ ಗೊತ್ತು. ನಾನು ಮಗಳಲ್ಲ. ಹೀಗಾಗಿ ಇಂಥ ಕಡೆ ಸಾರ ಬರೆಯದೆ ಅಮ್ಮನ ಮಾತನ್ನೇ ಒಂದು ಸಾಲು ಇಟ್ಟುಬಿಡುತ್ತೇನೆ. ಅದನ್ನು ಹೇಗೆ ಓದಬೇಕು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿದೆ.

ಕೊನೆಗೆ ಮಗಳ ಫೋನಿಗೆ ಹೋದದ್ದು ಇದು:

"ಅಮ್ಮನ ಮೆಸೇಜ್, ಆಗಸ್ಟ್ 10, ಭಾನುವಾರ. ಮೂರು ಕೆಲಸ ಉಂಟು, ಮೊದಲನೆಯದು ಇವತ್ತೇ.

ಒಂದು. ಅಪ್ಪನ ವಿಷಯ ವಿಚಾರಿಸು. ಆಗಸ್ಟ್ 5ರಿಂದ ಮಲಗುವಾಗ ಹೊಸ ಮಾತ್ರೆ, ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಗಲು. ಆಗಸ್ಟ್ 8ರ ರಾತ್ರಿ ಬಚ್ಚಲಿಗೆ ಎದ್ದಾಗ ಕಣ್ಣು ಕತ್ತಲೆ, ಬಿದ್ದಿಲ್ಲ. ಉಪವಾಸದಿಂದ ಎಂದು ಅಮ್ಮನ ಊಹೆ. ಮಾತ್ರೆಯ ಹೆಸರು ಹೇಳಿಲ್ಲ. ಅಮ್ಮ ಹೇಳಿದ್ದು ಎಂದು ಅಪ್ಪನಿಗೆ ಗೊತ್ತಾಗಬಾರದಂತೆ. ನೀನೇ ಕೇಳು: 2:40, 9:20.

ಎರಡು. ಅಜ್ಜನ ಜಾಗಕ್ಕೆ ನಿನ್ನ ಸಹಿ ಬೇಕೆಂದು ದೊಡ್ಡಪ್ಪ ಹೇಳಿದ್ದಾರೆ, ಚೌತಿಯ (ಆಗಸ್ಟ್ 27) ಒಳಗೆ. ಪೌತಿ ಖಾತೆಗೆ ಎಂದಿದ್ದಾರೆ. ಯಾವ ಕಾಗದ ಎಂದು ಅಮ್ಮ ನೋಡಿದ ಹಾಗಿಲ್ಲ. ಮೊದಲ ಪುಟದ ಫೋಟೊ ತರಿಸಿಕೋ. 6:50.

ಮೂರು. ಗ್ಯಾಸಿನ ಕೋಡ್ ನಿನ್ನ ನಂಬರಿಗೆ ಬರುತ್ತಿದೆ, ಸಿಲಿಂಡರ್ ವಾಪಸ್ ಹೋಗಿದೆ. ಈಗಿನದು ಹಾಕಿ ತಿಂಗಳಾಗಿದೆ.

ಬಾದಾಮಿ ಬಗ್ಗೆ: 'ಕಳೆದ ಸಲ ತಂದ ಬಾದಾಮಿ ಮಾತ್ರ ಒಳ್ಳೇದಿತ್ತು, ಅಪ್ಪ ದಿನಾ ನಾಲ್ಕು ನೆನೆಹಾಕಿ ತಿಂತಿದ್ರು, ಮುಗೀತು.'

ಉಳಿದದ್ದು ಸುದ್ದಿ: ಮಳೆ ಜೋರು, ಬುಧವಾರ ಅಡಿಕೆಗೆ ಮದ್ದು, ಕೆಳಗಿನ ಮನೆಯಲ್ಲಿ ಮದುವೆ. ರಜೆಯ ದಿನ ಕೇಳು, ಚೆನ್ನಾಗಿ ಹೇಳಿದ್ದಾರೆ."

ಹನ್ನೊಂದು ನಿಮಿಷದ ಮಾತು ಓದಲು ಒಂದು ನಿಮಿಷವೂ ಹಿಡಿಯದಷ್ಟಾಯಿತು. ನಿಮಿಷದ ಗುರುತು ಇಟ್ಟದ್ದರಿಂದ ಮಗಳು ನನ್ನ ಮಾತನ್ನು ನಂಬಿ ಕೂರಬೇಕಾಗಲಿಲ್ಲ. ಬೇಕಾದ ಜಾಗಕ್ಕೆ ಬೆರಳಿಟ್ಟು ಅಮ್ಮನ ದನಿಯಲ್ಲೇ ಕೇಳಿದಳು. "ಅಪ್ಪನಿಗೆ ಹೇಳ್ಬೇಡ" ಎಂಬುದನ್ನು ಸಾರದಲ್ಲಿ ಬಿಟ್ಟಿದ್ದರೆ ಅವಳು ನೇರ ಅಪ್ಪನಿಗೇ ಫೋನ್ ಮಾಡಿ ಕೇಳುತ್ತಿದ್ದಳು, ಮುಂದಿನ ಸಲ ಅಮ್ಮ ಇಂಥ ಮಾತನ್ನು ಹೇಳುತ್ತಲೇ ಇರಲಿಲ್ಲ. ಕೋರಿಕೆಗೆ ಅಂಟಿಕೊಂಡು ಬರುವ ಷರತ್ತೂ ಕೋರಿಕೆಯೇ.

ಉತ್ತರ ಕೊಡುವುದರಲ್ಲೂ ಒಂದು ಕ್ರಮ ಇದೆ. ವಾರ್ಡಿನಲ್ಲಿ ಡಾಕ್ಟರು ಫೋನಿನಲ್ಲಿ ಹೇಳಿದ ಔಷಧಿಯನ್ನು ನರ್ಸು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿ ಎನ್ನಿಸಿಕೊಳ್ಳುತ್ತಾಳೆ. ಮಗಳು ಅಮ್ಮನಿಗೆ ಅದನ್ನೇ ಮಾಡಿದಳು. ಪುತ್ತೂರಿನಲ್ಲಿ ಬೆಳಿಗ್ಗೆ ಏಳಾಗುವ ಹೊತ್ತಿಗೆ, ಇಲ್ಲಿ ನಾಲ್ಕೂವರೆಗೆ, ಡ್ಯೂಟಿಗೆ ಹೊರಡುವ ಮುಂಚೆ ಸಣ್ಣದೊಂದು ವಾಯ್ಸ್ ಕಳಿಸಿದಳು: ಮಾತ್ರೆಯ ಚೀಟಿಯ ಫೋಟೊ, ಕಾಗದದ ಫೋಟೊ, ಗ್ಯಾಸಿನದು ನಾನು ನೋಡ್ತೇನೆ, ಅಡಿಕೆಗೆ ಮದ್ದು ಬುಧವಾರವಾ, ಮಳೆ ಬಿಟ್ರೆ ಸಾಕು. ಅಡಿಕೆಯ ಮಾತು ಸೇರಿಸಿದ್ದು ಅವಳ ಜಾಣತನ. ಕೆಲಸದ ಮಾತಿಗೆ ಮಾತ್ರ ಉತ್ತರ ಬಂದರೆ ಮೆಸೇಜನ್ನು ಪೂರ್ತಿ ಕೇಳಿಲ್ಲ ಎಂದು ಅಮ್ಮನಿಗೆ ತಕ್ಷಣ ಗೊತ್ತಾಗುತ್ತದೆ.

ಮಾತ್ರೆಯ ಚೀಟಿ ಬಂದಾಗ ಅವಳ ಗುಮಾನಿ ಸರಿಯಾಗಿತ್ತು. ಮಾತ್ರೆ ನಿಲ್ಲಿಸಿ ಎಂದು ಇಲ್ಲಿಂದ ಹೇಳಲಿಲ್ಲ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ ಎಂದಳು. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಡಾಕ್ಟರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಳಿದಿತ್ತು. ಅಪ್ಪ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆಯ ಹೊತ್ತನ್ನು ಡಾಕ್ಟರು ಬದಲಿಸಿದರು. ರಾತ್ರಿ ಎದ್ದರೆ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ನಿಲ್ಲಿ ಎಂದರು. ಅಪ್ಪನ ಮಟ್ಟಿಗೆ ಇದೆಲ್ಲ "ಮಗಳು ಸುಮ್ಮನೆ ಬಿಪಿ ಕೇಳಿದ್ಲು" ಎಂಬುದರಲ್ಲಿ ಮುಗಿಯಿತು.

ಗ್ಯಾಸ್ ಏಜೆನ್ಸಿಯಲ್ಲಿ ಅಮ್ಮನ ನಂಬರನ್ನೇ ನೋಂದಾಯಿಸಿದ್ದಾಯಿತು. ಮೊದಲೇ ಮಾಡಬಹುದಿತ್ತು, ಯಾರಿಗೂ ಹೊಳೆದಿರಲಿಲ್ಲ.

ಕಾಗದದ ಫೋಟೊ ಬರಲು ಮೂರ್ನಾಲ್ಕು ದಿನ ಹಿಡಿಯಿತು. ತಲೆಬರಹ "ಹಕ್ಕು ಖುಲಾಸೆ ಪತ್ರ" ಎಂದೇ ಇತ್ತು. ಪೌತಿ ಖಾತೆಯೂ ಮಾಡಿಸಲಿಕ್ಕಿತ್ತು, ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. ಎರಡೂ ಒಟ್ಟಿಗೆ ಮುಗಿಯಲಿ ಎಂದು ಬರೆದವರು ಸೇರಿಸಿದ್ದರು. ಮಗಳಿಗೆ ಜಾಗದ ಮೇಲೆ ಆಸೆಯೇನೂ ಇಲ್ಲ, ಆದರೆ ಅಪ್ಪನ ಹತ್ತಿರ ಮಾತಾಡದೆ ಬಿಟ್ಟುಕೊಡಲು ಮನಸ್ಸಿಲ್ಲ. ಖುಲಾಸೆ ಪತ್ರ ನೋಂದಣಿಯಾಗಬೇಕಾದ ಕಾಗದ. ಇಲ್ಲಿ ಕೂತು ಸಹಿ ಗೀಚಿ ಕೊರಿಯರ್ ಮಾಡಿದರೆ ನಡೆಯುವುದಿಲ್ಲ. ಖುದ್ದು ಹೋಗಬೇಕು, ಅಥವಾ ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ದೃಢೀಕರಿಸಿ ಕಳಿಸಬೇಕು. ಹಾಗೆ ಕಳಿಸಿದ್ದಕ್ಕೆ ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇಲ್ಲಿ ಶುಕ್ರವಾರ, ಶನಿವಾರ ರಜೆ, ಅಲ್ಲಿ ಭಾನುವಾರ. ಎರಡೂ ಕಡೆಯ ಕಚೇರಿ ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಚೌತಿಯ ಒಳಗೆ ಆಗುವ ಮಾತಲ್ಲ. ದೀಪಾವಳಿಗೆ ಬಂದಾಗ ಕೂತು ಮಾತಾಡುವ, ಅಷ್ಟರೊಳಗೆ ಪೌತಿ ಖಾತೆಯ ಅರ್ಜಿ ಬೇರೆಯಾಗಿ ಕೊಡಿ ಎಂದು ಅವಳು ದೊಡ್ಡಪ್ಪನಿಗೇ ಫೋನ್ ಮಾಡಿ ಹೇಳಿದಳು. ಅವರು "ಆಯ್ತು ಮಗಾ, ಅದಕ್ಕೇನಂತೆ" ಎಂದರಂತೆ.